ಮೂರನೇ ದೃಶ್ಯದಲ್ಲಿ ಮಗ್ಗದ ಸದ್ದು

ದೊಡ್ಡಬಳ್ಳಾಪುರದಲ್ಲಿ ಕರೆಂಟು ಹೋದ ಕೂಡಲೇ ಎರಡು ಕೆಲಸ ಶುರುವಾಗುತ್ತಿದ್ದವು. ಒಂದು, ಕರೆಂಟಿನವರಿಗೆ ಬೈಯುವುದು. ಇನ್ನೊಂದು, ನಾಟಕದ ತಾಲೀಮು. ಮಗ್ಗ ನಡೆಯುವ ಹೊತ್ತಿನಲ್ಲಿ ನೇಕಾರರ ಮಕ್ಕಳಿಗೆ ಪುರುಸೊತ್ತಿರಲಿಲ್ಲ. ಪುರುಸೊತ್ತು ಸಿಕ್ಕರೂ ಬೀದಿ ತುಂಬ ಹರಡಿರುವ ಆ ಸದ್ದಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಿಸುತ್ತಿರಲಿಲ್ಲ. ತೊಂಬತ್ತಾರನೇ ಇಸವಿಯ ಆ ಬೇಸಿಗೆಯಲ್ಲಿ ಕರೆಂಟು ಹೋಗುವುದಕ್ಕೇನೂ ಬರವಿರಲಿಲ್ಲ. ಹಾಗಾಗಿ ಶಶಿಕುಮಾರನ ನಾಟಕ ಬೇಗ ಬೇಗನೆ ಮುಂದಕ್ಕೆ ಹೋಗಬೇಕಿತ್ತು. ಹೋಗುತ್ತಿರಲಿಲ್ಲ. ಮೂರನೇ ದೃಶ್ಯಕ್ಕೆ ಬಂದು ನಿಂತುಬಿಟ್ಟಿತ್ತು.

ಶಶಿಕುಮಾರ ಮನೆಯ ಹಿಂದಿನ ಶೆಡ್ಡಿನಲ್ಲಿ ಅಮ್ಮನ ಜೊತೆ ನಾಲ್ಕು ಪವರ್‌ಲೂಮ್ ನಡೆಸುವವನು. ಬರೆಯುವ ಹುಚ್ಚು ಹೈಸ್ಕೂಲಿನಿಂದ ಹತ್ತಿದ್ದು. ಊರಿನ ಹವ್ಯಾಸಿ ಸಂಘಕ್ಕೆ ಅದುವರೆಗೆ ಎರಡು ನಗೆನಾಟಕ ಬರೆದುಕೊಟ್ಟಿದ್ದ. ಜನ ನಕ್ಕಿದ್ದರು, ಮರೆತಿದ್ದರು. ಈ ಸಲ ಬೆಂಗಳೂರಿನ ಸ್ಪರ್ಧೆಗೆ ಹೋಗಬೇಕು, ಅದಕ್ಕೆ ಗಟ್ಟಿಯಾದದ್ದು ಬೇಕು ಎಂದು ತನ್ನ ಅಪ್ಪನ ಕತೆಯನ್ನೇ ಹಿಡಿದಿದ್ದ.

ಅಪ್ಪ ಕೋದಂಡರಾಮಯ್ಯನವರ ಸಾವು ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಕತೆ. ಅದನ್ನು ಹೇಳುತ್ತಿದ್ದವಳು ಶಶಿಯ ಅಮ್ಮ ಭಾಗ್ಯಮ್ಮ. ಒಂದು ಸಂಜೆ ಆಕೆ ಶೆಡ್ಡಿನಲ್ಲಿ ಮದುವೆ ಸೀರೆಯೊಂದನ್ನು ನೇಯುತ್ತಾ ನಿಂತಿದ್ದಳಂತೆ. ಗಂಡ ಬಾಗಿಲಿಗೆ ಬಂದು ನಿಂತು, ನೋಡು, ನನ್ನ ಹೊತ್ತು ಬಂತು, ಮಗನನ್ನು ಚೆನ್ನಾಗಿ ನೋಡಿಕೋ, ಮಗ್ಗ ಬಿಡಬೇಡ, ಅಳಬೇಡ ಎಂದು ಸಮಾಧಾನವಾಗಿ ಹೇಳಿ ಹೊರಟರಂತೆ. ಕತ್ತಲಾಗುವಷ್ಟರಲ್ಲಿ ಅವರನ್ನು ನಾಲ್ಕು ಜನ ಹೊತ್ತುಕೊಂಡು ಬಂದರು. ಬಸ್ ಸ್ಟ್ಯಾಂಡಿನ ಹತ್ತಿರ, ಬೀಗ ಹಾಕಿದ್ದ ಡಾಕ್ಟರ್ ಷಾಪಿನ ಮೆಟ್ಟಿಲ ಮೇಲೆ ಕುಸಿದಿದ್ದರು. ತನ್ನ ಸಾವನ್ನು ತಾನೇ ತಿಳಿದು, ಹೆಂಡತಿಗೆ ಹೇಳಿ ಹೋದ ಪುಣ್ಯವಂತ ಎಂದು ನೆಂಟರು ಕೈಮುಗಿದರು. ಆಗ ಶಶಿ ಹುಡುಗ, ರಜೆಗೆಂದು ಹೊಸಕೋಟೆಯ ಮಾವನ ಮನೆಯಲ್ಲಿದ್ದ. ಅಪ್ಪನ ಕೊನೆಯ ಮಾತು ಅವನಿಗೆ ಸಿಕ್ಕಿದ್ದು ಅಮ್ಮನ ಬಾಯಿಂದಲೇ. ಪ್ರತಿವರ್ಷ ತಿಥಿಯ ದಿನ ಎಲೆ ಎತ್ತಿದ ಮೇಲೆ ಯಾರಾದರೂ ಕೇಳುತ್ತಿದ್ದರು, ಭಾಗ್ಯಮ್ಮ ಹೇಳುತ್ತಿದ್ದಳು. ಒಂದಕ್ಷರ ಹೆಚ್ಚುಕಮ್ಮಿ ಆಗುತ್ತಿರಲಿಲ್ಲ. ಗಂಡನಿಲ್ಲದ ಇಷ್ಟು ವರ್ಷ ಆಕೆ ತಲೆಯೆತ್ತಿಕೊಂಡು ಬದುಕಿದ್ದು ಆ ನಾಲ್ಕು ಮಾತಿನ ಮೇಲೆ ಎಂದು ಶಶಿಗೆ ಅನ್ನಿಸುತ್ತಿತ್ತು.

ಮೂರನೇ ದೃಶ್ಯ ಎಂದರೆ ಆ ಸಂಜೆ.

ನಾಟಕ ಆಡಿಸುತ್ತಿದ್ದವರು ಆಂಜಿನಪ್ಪ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತಿಕೆ, ಸಂಜೆ ನಾಟಕ, ಎರಡರಲ್ಲೂ ಸಿಡುಕು. ಮೊದಲ ಓದಿನ ದಿನ ಅವರು ಮೂರನೇ ದೃಶ್ಯದ ಹಾಳೆಗಳನ್ನು ಮಂಡಿಯ ಮೇಲಿಟ್ಟುಕೊಂಡು ಪೆನ್ಸಿಲಿನಿಂದ ಗೀಚತೊಡಗಿದರು. ದೃಶ್ಯದಲ್ಲಿ ಅಪ್ಪ ಬಾಗಿಲಿಗೆ ಬಂದವನೇ, ನಾವು ಮದುವೆಯಾದಾಗ ಕೈಮಗ್ಗ ಒಂದೇ ಇತ್ತು, ಆಮೇಲೆ ನಿನ್ನ ಓಲೆ ಅಡವಿಟ್ಟು ಮೊದಲನೇ ಪವರ್ ಮಗ್ಗ ತಂದೆವು, ನಾಳೆ ಬೆಳಿಗ್ಗೆ ಈ ಸೀರೆ ಮದುವೆಮನೆಗೆ ಹೋಗಬೇಕು ಎಂದು ಶುರುಮಾಡಿ ಒಂದೂವರೆ ಪುಟ ಮಾತಾಡುತ್ತಿದ್ದ.

"ಓಲೆ ಅಡ ಇಟ್ಟಿದ್ದು ಅವಳಿಗೆ ಗೊತ್ತಿಲ್ವೇನಪ್ಪಾ?" ಎಂದರು ಆಂಜಿನಪ್ಪ. "ಕಿವಿ ಅವಳದೇ ತಾನೆ?"

ಎಲ್ಲರೂ ನಕ್ಕರು. ಶಶಿಯೂ ನಕ್ಕ, ಆದರೆ ಕಿವಿ ಬಿಸಿಯಾಯಿತು. ಪ್ರೇಕ್ಷಕರಿಗೆ ತಿಳಿಯಬೇಡವೇ ಎಂದು ವಾದಿಸಿದ. ಗೊತ್ತಿರುವವಳಿಗೇ ಗೊತ್ತಿರುವುದನ್ನು ಹೇಳಿದರೆ ಅವನು ಗಂಡನಲ್ಲ, ಜಾಹೀರಾತು ಓದುವವನು ಎಂದರು ಆಂಜಿನಪ್ಪ. ಪ್ರೇಕ್ಷಕರಿಗೆ ಬೇಕಾದದ್ದು ಎಷ್ಟು? ಸೀರೆ ನಾಳೆಗೆ ಬೇಕು ಅನ್ನುವುದು. ಅದಕ್ಕೆ ಆಕೆ ಒಂದು ಸಲ ಕ್ಯಾಲೆಂಡರಿನ ಕಡೆ ನೋಡಿ ಕೈ ಚುರುಕು ಮಾಡಿದರೆ ಸಾಕು. ಓಲೆಯ ಕತೆಗೆ ಬರಿಗಿವಿ ಸಾಕು. ಮಿಕ್ಕಿದ್ದು ತೆಗೆ.

ಆಮೇಲೆ ಅವರು ಇನ್ನೊಂದು ಕೆಲಸ ಮಾಡಿದರು. ಮೂರನೇ ದೃಶ್ಯದ ಹಾಳೆಗಳನ್ನು ಪೂರ್ತಿ ಎತ್ತಿ ಪಕ್ಕಕ್ಕಿಟ್ಟು, ಎರಡನೆಯದರ ಕೊನೆ ಮತ್ತು ನಾಲ್ಕನೆಯದರ ಶುರುವನ್ನು ಒಟ್ಟಿಗೆ ಓದಿಸಿದರು. ಎರಡರ ಕೊನೆಯಲ್ಲಿ ಮದುವೆ ಸೀರೆಯ ಕೆಲಸ ಒಪ್ಪಿಕೊಳ್ಳುತ್ತಾರೆ. ನಾಲ್ಕರ ಶುರುವಿನಲ್ಲಿ ಹೆಣ ಬರುತ್ತದೆ. ಓದು ಎಲ್ಲೂ ತೊಡರಲಿಲ್ಲ.

"ಏನಾದ್ರೂ ಕಮ್ಮಿ ಅನ್ನಿಸ್ತಾ? ಇಲ್ಲ. ಈ ದೃಶ್ಯ ಶುರುವಾದಾಗ ಇವರಿಬ್ರೂ ಹೆಂಗಿದ್ರೋ ಮುಗಿದಾಗ್ಲೂ ಹಂಗೇ ಇದಾರೆ. ಇದ್ರಿಂದ ಏನು ಬದ್ಲಾಯ್ತು ಅಂತ ಹೇಳು. ಹೇಳಕ್ಕಾಗದಿದ್ರೆ ಇದು ಬೇಡ. ಮುಂದಿನ ವಾರದೊಳಗೆ ಆಗದಿದ್ರೆ ಈ ನಾಟಕಾನೇ ಬೇಡ, ಹಳೇ ಪೌರಾಣಿಕ ಯಾವುದಾದ್ರೂ ತಗಂಡು ಹೋಗೋಣ."

ಶಶಿಗೆ ಸಿಟ್ಟು ಬಂತು. ನಾಟಕ ಹೋಗುತ್ತದೆ ಎನ್ನುವುದಕ್ಕಿಂತ, ತನ್ನ ಅಪ್ಪನ ಕೊನೆಯ ಮಾತನ್ನು ಎತ್ತಿ ಪಕ್ಕಕ್ಕಿಟ್ಟರೂ ಏನೂ ಕಮ್ಮಿಯಾಗಲಿಲ್ಲವಲ್ಲ ಎನ್ನುವುದಕ್ಕೆ.

ಆದರೂ ತಿದ್ದಿದ. ಮರುದಿನ ಮಗ್ಗದ ಮುಂದೆ ನಿಂತು, ಲಾಳಿ ಆ ಕಡೆಯಿಂದ ಈ ಕಡೆಗೆ ಬಡಿದುಕೊಳ್ಳುತ್ತಿದ್ದರೆ, ಮನಸ್ಸಿನಲ್ಲೇ ಮಾತು ಕಿತ್ತುಹಾಕುತ್ತಾ ಹೋದ. ಓಲೆ ಹೋಯಿತು, ಕೈಮಗ್ಗ ಹೋಯಿತು. ಮಗನನ್ನು ನೋಡಿಕೋ ಎನ್ನುವ ಮಾತಿಗೆ ಬಂದಾಗ ಕೈ ತಡೆಯಿತು. ಅಪ್ಪನ ದನಿ ಅವನಿಗೆ ನೆನಪಿರಲಿಲ್ಲ. ಮೀಸೆ ನೆನಪಿತ್ತು, ಬೀಡಿಯ ವಾಸನೆ ನೆನಪಿತ್ತು, ದನಿ ಮಾತ್ರ ಎಲ್ಲೋ ಕಳೆದುಹೋಗಿತ್ತು. ನಾಟಕದಲ್ಲಿ ಅಪ್ಪನಿಂದ ಅಷ್ಟೊಂದು ಮಾತಾಡಿಸಿದ್ದು ಅದಕ್ಕೇ. ಒಂದೊಂದು ಸಾಲು ಹೊಡೆದಾಗಲೂ ಬಾಗಿಲಲ್ಲಿ ನಿಂತವರು ಒಂದೊಂದು ಹೆಜ್ಜೆ ಹಿಂದಕ್ಕೆ ಸರಿದ ಹಾಗೆ ಅನ್ನಿಸಿತು.

ಎರಡನೇ ಕರಡನ್ನು ಆಂಜಿನಪ್ಪ ಬೈಯದೆ ಓದಿದರು. ಈಗ ಮಾತು ಅರ್ಧ ಪುಟಕ್ಕೆ ಇಳಿದಿತ್ತು. ಅವನಿಗೆ ಏನು ಬೇಕು, ಅವಳಿಗೆ ಏನು ಬೇಕು, ಸಿಗದೇ ಹೋದರೆ ಯಾರಿಗೆ ಏನು ಹೋಗುತ್ತದೆ, ಅದು ಇನ್ನೂ ಕಾಣುತ್ತಿಲ್ಲ ಎಂದರು. ಅವಳದು ಶಶಿಗೆ ಗೊತ್ತಿತ್ತು. ಸೆರಗು ನೇಯುವಾಗ ಮಗ್ಗ ನಡುವೆ ನಿಂತರೆ ಬಟ್ಟೆಯಲ್ಲಿ ಅಡ್ಡಗೆರೆ ಬೀಳುತ್ತದೆ. ಮದುವೆ ಸೀರೆಯಲ್ಲಿ ಗೆರೆ ಬಿದ್ದರೆ ತಗೊಳ್ಳುವವರು ಮುಖ ತಿರುಗಿಸುತ್ತಾರೆ, ಮತ್ತೆ ಆ ಮನೆಯಿಂದ ಕೆಲಸ ಬರುವುದಿಲ್ಲ. ಅವಳಿಗೆ ಮಗ್ಗ ನಿಲ್ಲಬಾರದು. ಆದರೆ ಅವನಿಗೆ? ಹೊತ್ತು ಬಂತು, ಹೊರಟೆ ಎನ್ನುವವನಿಗೆ ಏನೂ ಬೇಕಾಗಿಲ್ಲವಲ್ಲ.

"ಸರಿ, ಆಮೇಲೆ ನೋಡೋಣ," ಎಂದು ಆಂಜಿನಪ್ಪ ಸೆಲ್ ಹಾಕಿದ ಟೇಪ್ ರೆಕಾರ್ಡರ್ ತೆಗೆದರು. ಶಬ್ದ ಹಾಕಲು ಶಶಿಯ ಶೆಡ್ಡಿನದೇ ಸದ್ದನ್ನು ತುಂಬಿಕೊಂಡಿದ್ದರು. "ಈ ದೃಶ್ಯದಲ್ಲಿ ಮಗ್ಗ ನಡೀತಿರುತ್ತಾ, ನಿಂತಿರುತ್ತಾ?"

ನಡೆಯುತ್ತಿರುತ್ತದೆ ಎಂದ ಶಶಿ, ಯೋಚನೆಯೇ ಮಾಡದೆ. ಆಂಜಿನಪ್ಪ ಗುಂಡಿ ಒತ್ತಿದರು. ಸಂಘದ ಹೆಂಚಿನ ಹಾಲಿನಲ್ಲಿ ಸದ್ದು ತುಂಬಿಕೊಂಡಿತು. ಅಪ್ಪನ ಪಾತ್ರದ ಪಿಳ್ಳಪ್ಪ ತನ್ನ ಮಾತು ಶುರುಮಾಡಿದ. ಎರಡು ಮಾರು ದೂರದಲ್ಲಿದ್ದ ಶಶಿಗೆ ಒಂದು ಪದವೂ ಕೇಳಿಸಲಿಲ್ಲ.

ಆಂಜಿನಪ್ಪ ಟೇಪು ನಿಲ್ಲಿಸಿದರು. ಅಲ್ಲಿದ್ದವರೆಲ್ಲ ಮಗ್ಗದ ಮನೆಯಲ್ಲಿ ಹುಟ್ಟಿದವರು. ಶೆಡ್ಡಿನಲ್ಲಿ ತುಟಿ ನೋಡಿಯೇ ಮಾತು ತಿಳಿಯುವುದು, ಕೈಸನ್ನೆಯಲ್ಲೇ ಉತ್ತರ ಕೊಡುವುದು ಎಲ್ಲರಿಗೂ ಮೈಗೆ ಹತ್ತಿದ ಅಭ್ಯಾಸ. ನೀರು ತಾ, ನೂಲು ಕಡಿಯಿತು, ಊಟಕ್ಕೆ ಬಾ. ಹೆಚ್ಚೆಂದರೆ ಎರಡು ಪದ, ಮೂರು ಪದ. ಅರ್ಧ ಪುಟದ ವಿದಾಯವನ್ನು ಹಾಗೆ ತುಟಿಯಲ್ಲಿ ಓದಿದವರು ಯಾರೂ ಇಲ್ಲ. ಇದೇ ಕತೆಯನ್ನು ಊರು ಇಷ್ಟು ವರ್ಷ ಕೇಳಿತ್ತು. ಕೇಳಿದ್ದೆಲ್ಲ ನಡುಮನೆಯಲ್ಲಿ, ಊಟದ ಮೇಲೆ, ನೆಮ್ಮದಿಯಾಗಿ ಕೂತು. ಅಲ್ಲಿ ಮಗ್ಗದ ಸದ್ದು ಇರಲಿಲ್ಲವಲ್ಲ, ಯಾರಿಗೂ ಹೊಳೆದಿರಲಿಲ್ಲ.

"ಅಮ್ಮ ಮಗ್ಗ ನಿಲ್ಸಿರ್ಬೋದು," ಎಂದ ಶಶಿ.

ಆಂಜಿನಪ್ಪ ಹಾಳೆಗಳನ್ನು ಮಡಿಸಿ ಅವನ ಕೈಗೆ ಕೊಟ್ಟರು, ಈ ಸಲ ಸಿಡುಕಿಲ್ಲದೆ.

ಅಮ್ಮ ಮಗ್ಗ ನಿಲ್ಲಿಸುತ್ತಿದ್ದಳು. ಶಶಿಗೆ ಅದೂ ಗೊತ್ತಿತ್ತು. ದಿನಾ ಸಂಜೆ, ಶೆಡ್ಡಿನ ಕಿಟಕಿಯಲ್ಲಿ ಬೆಳಕು ಕೆಂಪಾಗುವ ಹೊತ್ತಿಗೆ, ಭಾಗ್ಯಮ್ಮ ತನ್ನ ಮಗ್ಗದ ಹಿಡಿ ಎಳೆದು ನಿಲ್ಲಿಸುತ್ತಿದ್ದಳು. ಮಗನಿಗೂ ಸನ್ನೆ ಮಾಡುತ್ತಿದ್ದಳು. ನಾಲ್ಕೂ ಮಗ್ಗ ನಿಂತು ಶೆಡ್ಡು ನಿಶ್ಶಬ್ದವಾದ ಮೇಲೆ, ಬಾಗಿಲ ಕಡೆಗೆ ತಿರುಗಿ ಒಂದು ಗಳಿಗೆ ನಿಲ್ಲುತ್ತಿದ್ದಳು. ಆಮೇಲೆ ಮತ್ತೆ ಕೆಲಸ. ದೀಪ ಹಚ್ಚುವ ಹೊತ್ತು, ಅಮ್ಮ ಮನಸ್ಸಿನಲ್ಲೇ ಕೈಮುಗಿಯುತ್ತಾಳೆ ಎಂದು ಶಶಿ ತಿಳಿದಿದ್ದ. ಆ ಹೊತ್ತಿಗೆ ನೇಯ್ದ ಸೀರೆಯಲ್ಲೆಲ್ಲ ಒಂದು ಸಣ್ಣ ಅಡ್ಡಗೆರೆ ಇರುತ್ತಿತ್ತು. ಸೀರೆ ಒಯ್ಯುವ ಅಂಗಡಿಯವನು ಬೆಳಕಿಗೆ ಹಿಡಿದು ಗೊಣಗುತ್ತಿದ್ದ. ಗೆರೆಗೆ ಅಷ್ಟು ಹೆದರುವ ಅಮ್ಮ ದಿನಾ ಒಂದು ಗೆರೆ ತಾನೇ ಯಾಕೆ ಬೀಳಿಸುತ್ತಾಳೆ ಎಂದು ಅವನು ಯಾವತ್ತೂ ಕೇಳಿಕೊಂಡಿರಲಿಲ್ಲ.

ಆ ಸಂಜೆ ಮಗ್ಗ ನಿಂತಾಗ ಶಶಿ ಅಮ್ಮನ ಮುಖ ನೋಡಿದ. ಆಕೆಯ ಕೈ ಮುಗಿದಿರಲಿಲ್ಲ. ಕಣ್ಣು ಬಾಗಿಲ ಚೌಕಟ್ಟಿನಲ್ಲಿ, ಒಬ್ಬ ಆಳಿನ ಎತ್ತರದಲ್ಲಿ ನಿಂತಿತ್ತು. ಬಾಯಿ ಇರಬೇಕಾದ ಎತ್ತರದಲ್ಲಿ. ಶಶಿಗೆ ಹೆದರಿಕೆಯಾಯಿತು. ತಾನೂ ಆ ಕಡೆ ತಿರುಗಿದ. ಖಾಲಿ ಬಾಗಿಲು, ಅದರಾಚೆ ಅಂಗಳ, ತುಳಸಿ. ಆದರೂ ಅಲ್ಲಿ ಯಾರೋ ನಿಂತು ತಮ್ಮ ಸರದಿಗೆ ಕಾಯುತ್ತಿದ್ದಾರೆ ಅನ್ನಿಸಿತು.

ರಾತ್ರಿ ಊಟಕ್ಕೆ ಕೂತಾಗ, ಅವತ್ತು ಅಪ್ಪ ಏನಂದರು ಎಂದು ಕೇಳಿದ. ಭಾಗ್ಯಮ್ಮ ಸಾರು ಬಡಿಸುತ್ತಲೇ ಹೇಳಿದಳು. ಹೊತ್ತು ಬಂತು, ಮಗನನ್ನು ನೋಡಿಕೋ, ಮಗ್ಗ ಬಿಡಬೇಡ, ಅಳಬೇಡ. ಒಂದಕ್ಷರ ಹೆಚ್ಚುಕಮ್ಮಿ ಇಲ್ಲ. ಅಷ್ಟು ಸಲೀಸಾಗಿ ಬಂದ ಮಾತು ಪಾಠದ ಮಾತು ಎಂದು ನಾಟಕದವನಾದ ಶಶಿಗೆ ಮೊದಲ ಸಲ ಗೊತ್ತಾಯಿತು. ತನ್ನ ಹೊತ್ತು ಬಂತೆಂದು ತಿಳಿದು ಸಮಾಧಾನವಾಗಿ ಹೊರಟ ಮನುಷ್ಯ ಡಾಕ್ಟರ್ ಷಾಪಿನ ಕಡೆ ಯಾಕೆ ನಡೆದ ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ.

ಆ ವಾರ ಅವನು ಮೂರನೇ ಕರಡು ಬರೆದ. ಅದು ಅರ್ಧ ಪುಟವೂ ಇರಲಿಲ್ಲ. ಮಗ್ಗ ನಡೆಯುತ್ತಿದೆ. ಹೆಂಡತಿ ಸೆರಗು ನೇಯುತ್ತಿದ್ದಾಳೆ. ಗಂಡ ಬಾಗಿಲಿಗೆ ಬರುತ್ತಾನೆ, ಒಂದು ಕೈ ಚೌಕಟ್ಟಿನ ಮೇಲೆ. ಏನೋ ಹೇಳುತ್ತಾನೆ. ಕೇಳಿಸುವುದಿಲ್ಲ. ಅವಳು ಆಮೇಲೆ ಎಂದು ಕೈ ಮಾಡುತ್ತಾಳೆ. ಅವನು ಒಂದು ಗಳಿಗೆ ನಿಂತಿದ್ದು ಹೋಗುತ್ತಾನೆ. ಮಗ್ಗ ನಡೆಯುತ್ತಲೇ ಇರುತ್ತದೆ.

ಬರೆದು ಮುಗಿಸಿ ಆಂಜಿನಪ್ಪನ ಪ್ರಶ್ನೆಯನ್ನು ತಾನೇ ಕೇಳಿಕೊಂಡ. ಏನು ಬದಲಾಯಿತು? ದೃಶ್ಯ ಶುರುವಾದಾಗ ಹೇಳುವುದಕ್ಕೆ ಹೊತ್ತಿತ್ತು. ಮುಗಿದಾಗ ಇಲ್ಲ. ಈಗ ಈ ಹಾಳೆಯನ್ನು ಎತ್ತಿ ಪಕ್ಕಕ್ಕಿಟ್ಟರೆ ನಾಲ್ಕನೇ ದೃಶ್ಯದ ಹೆಣ ಬರೀ ಹೆಣ. ಇದನ್ನು ಓದಿ ಅದನ್ನು ಓದಿದರೆ ಆ ಹೆಂಗಸಿನ ಮುಖ ನೋಡುವುದಕ್ಕಾಗುವುದಿಲ್ಲ. ದೃಶ್ಯ ಸರಿಯಾಗಿದೆ ಎಂದು ಅವನಿಗೆ ಗೊತ್ತಾಯಿತು. ತೊಂದರೆ ಇದ್ದದ್ದೇ ಅದರಲ್ಲಿ. ಇದನ್ನು ರಂಗದ ಮೇಲೆ ಇಟ್ಟರೆ ಮುಂದಿನ ತಿಥಿಯ ದಿನ ಅಮ್ಮನನ್ನು ಯಾರು ಆ ಕತೆ ಕೇಳುತ್ತಾರೆ? ಕೇಳಿದರೂ ಆಕೆ ಯಾವ ಮುಖದಿಂದ ಹೇಳುತ್ತಾಳೆ? ಬೆಂಗಳೂರಿನವರು ಕೊಡುವ ಒಂದು ಬಹುಮಾನದ ಕಪ್ಪಿಗಾಗಿ ಅಮ್ಮನ ಜೀವದ ಊರುಗೋಲು ಕಿತ್ತುಕೊಂಡ ಹಾಗಾಗುತ್ತದೆ. ತಾಲೀಮಿನಲ್ಲಿ ಒಂದು ಸಲ ನೋಡೋಣ, ಆಮೇಲೆ ಹರಿದುಹಾಕುತ್ತೇನೆ ಎಂದು ತನಗೆ ತಾನೇ ಹೇಳಿಕೊಂಡ. ಬರೆಯುವವರು ಹೀಗೆ ಹೇಳಿಕೊಳ್ಳುವುದು ಹೊಸದೇನಲ್ಲ.

ಮುಂದಿನ ಸಲ ಕರೆಂಟು ಹೋದದ್ದು ಒಂದು ಮಧ್ಯಾಹ್ನ. ಹಾಲಿನಲ್ಲಿ ಎಲ್ಲರೂ ಸೇರಿದ್ದರು. ಹೆಂಡತಿಯ ಪಾತ್ರದ ಸ್ನೇಹ ಎರಡು ಬೆಂಚುಗಳ ನಡುವೆ ಮಗ್ಗ ಇದೆ ಎಂದುಕೊಂಡು ನಿಂತಿದ್ದಳು. ಆಂಜಿನಪ್ಪ ಹೊಸ ಹಾಳೆಯನ್ನು ಎರಡು ಸಲ ಓದಿ, ಪೆನ್ಸಿಲನ್ನು ಜೇಬಿಗೆ ಹಾಕಿಕೊಂಡರು. ಅಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು. ಭಾಗ್ಯಮ್ಮ ಬಂದಿದ್ದಳು. ಯಾವತ್ತೂ ತಾಲೀಮಿನ ಕಡೆ ಸುಳಿದವಳಲ್ಲ. ಮಗ ಊಟದ ಹೊತ್ತಿನಲ್ಲಿ ಕೇಳಿದ ಪ್ರಶ್ನೆ ಆಕೆಯನ್ನು ಅಲ್ಲಿಗೆ ಎಳೆದುಕೊಂಡು ಬಂದಿತ್ತು. ಯಾರೋ ಜಾಗ ಬಿಟ್ಟರು, ಹಿಂದಿನ ಬೆಂಚಿನ ಮೇಲೆ ಕೂತಳು. ನಿಲ್ಲಿಸಿ ಎನ್ನಲು ಶಶಿ ಎದ್ದ. ಅಷ್ಟರಲ್ಲಿ ಆಂಜಿನಪ್ಪ ಗುಂಡಿ ಒತ್ತಿಬಿಟ್ಟಿದ್ದರು.

ಸದ್ದು ತುಂಬಿತು. ಪಿಳ್ಳಪ್ಪ ಚೌಕಟ್ಟಿಗೆ ಕೈಯಿಟ್ಟು ನಿಂತ. ಏನು ಹೇಳಬೇಕೆಂದು ಹಾಳೆಯಲ್ಲಿ ಇರಲಿಲ್ಲ. ಹೇಗೂ ಕೇಳಿಸುವುದಿಲ್ಲವೆಂದು ಅವನು ಒಂದು, ಎರಡು, ಮೂರು ಎಂದು ತುಟಿ ಆಡಿಸಿದ. ಸ್ನೇಹ ಅಂಗೈ ಎತ್ತಿ ತೋರಿಸಿದಳು. ಪಿಳ್ಳಪ್ಪ ತಿರುಗಿ ಹೋದ. ಆಂಜಿನಪ್ಪ ಸದ್ದು ನಿಲ್ಲಿಸಿದರು.

"ಅವನು ಲೆಕ್ಕ ಎಣಿಸ್ತಾವ್ನೆ," ಎಂದಳು ಭಾಗ್ಯಮ್ಮ ಹಿಂದಿನಿಂದ.

ಪಿಳ್ಳಪ್ಪ ನಾಚಿಕೊಂಡ. ನೋಡುವವರೆಲ್ಲ ನಮ್ಮೂರಿನವರೇ ಆದರೆ ಎಲ್ಲರೂ ತುಟಿ ಓದಿಬಿಡುತ್ತಾರೆ, ಏನಾದರೂ ಮಾತು ಕೊಡಿ ಎಂದು ಆಂಜಿನಪ್ಪನನ್ನು ಕೇಳಿದ. ಆಂಜಿನಪ್ಪ ಶಶಿಯನ್ನು ನೋಡಿದರು. ಶಶಿ ಹಾಳೆಯನ್ನು ನೋಡಿದ. ಎರಡು ಪದದ ಜಾಗ. ಅದಕ್ಕೆ ಅವನು ಏನು ಬರೆದರೂ ಸುಳ್ಳೇ.

ಭಾಗ್ಯಮ್ಮ ಎದ್ದು ಮುಂದೆ ಬಂದಳು. ಸ್ನೇಹಳ ಪಕ್ಕ ನಿಂತು ಆ ಹುಡುಗಿಯ ಕೈ ಹಿಡಿದಳು.

"ಕೈ ಹಿಂಗಲ್ಲಮ್ಮಾ. ಅಷ್ಟು ಎತ್ತಬಾರ್ದು. ಕಣ್ಣು ಸೆರಗಿನ ಮೇಲೇ ಇರ್ಬೇಕು, ಕೈ ಮಾತ್ರ ಹಿಂಗೆ." ಬೆರಳುಗಳನ್ನು ಒಂದು ಸಲ, ನೊಣ ಓಡಿಸುವ ಹಾಗೆ, ಆಡಿಸಿ ತೋರಿಸಿದಳು. ಆಮೇಲೆ ಪಿಳ್ಳಪ್ಪನ ಕಡೆ ತಿರುಗಿದಳು. "ಅವರು ಅಂದಿದ್ದು, ಮಗ್ಗ ನಿಲ್ಸು ಅಂತ."

"ಅಮ್ಮ," ಎಂದ ಶಶಿ.

"ಓರೆಗಣ್ಣಲ್ಲಿ ನೋಡ್ದೆ. ಮಗ್ಗ ನಿಲ್ಸು ಅಂದ್ರು. ಅದಾದ್ಮೇಲೆ ಏನು ಹೇಳ್ತಿದ್ರೋ."

ಶಶಿಗೆ ಅಳು ಬಂತು, ಅಮ್ಮನಿಗೆ ಬರಲಿಲ್ಲ. ಆಕೆ ಸೆರಗು ಸರಿಮಾಡಿಕೊಂಡು, ಬಿಸಿಲಿಗೆ ತಲೆ ಮೇಲೆ ಹೊದ್ದು, ಬಂದ ದಾರಿಯಲ್ಲೇ ಹೋದಳು. ಹಿಂದೆಯೇ ಓಡಿದ ಶಶಿ ಬೀದಿಯಲ್ಲಿ ಆಕೆಯನ್ನು ಹಿಡಿದು, ಅದನ್ನು ನಾಟಕದಲ್ಲಿ ಹಾಕುವುದಿಲ್ಲ, ತುಟಿಗೆ ಬೇರೆ ಏನಾದರೂ ಬರೆಯುತ್ತೇನೆ, ಇಡೀ ದೃಶ್ಯವನ್ನೇ ಬೇಕಾದರೆ ತೆಗೆಯುತ್ತೇನೆ, ಹಳೆಯ ಮಾತನ್ನೇ ಇಡುತ್ತೇನೆ ಎಂದ. ಆಕೆ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

ಸಂಜೆಗೆ ಮುಂಚೆ ಕರೆಂಟು ಬಂತು. ಬೀದಿಯ ಶೆಡ್ಡುಗಳೆಲ್ಲ ಒಂದೊಂದಾಗಿ ಸದ್ದಿಗೆ ಬಿದ್ದವು. ಭಾಗ್ಯಮ್ಮ ತನ್ನ ಮಗ್ಗದ ಮುಂದೆ, ಶಶಿ ಆಚೆ ತುದಿಯಲ್ಲಿ. ಕಿಟಕಿ ಕೆಂಪಾಗುವ ಹೊತ್ತಿಗೆ ಆಕೆ ಹಿಡಿ ಎಳೆದಳು. ಆಕೆ ಸನ್ನೆ ಮಾಡುವ ಮುಂಚೆಯೇ ಶಶಿ ತನ್ನವನ್ನು ನಿಲ್ಲಿಸಿದ. ಇಬ್ಬರೂ ಬಾಗಿಲ ಕಡೆಗೆ ತಿರುಗಿದರು. ಪಕ್ಕದ ಮನೆಗಳ ಮಗ್ಗ ಗೋಡೆಯಾಚೆ ಬಡಿದುಕೊಳ್ಳುತ್ತಿತ್ತು. ಚೌಕಟ್ಟಿನಲ್ಲಿ ಯಾರೂ ಇರಲಿಲ್ಲ. ಇದ್ದರೆ ಮಾತು ಮುಂದುವರಿಸಲಿ ಎಂದು ಶಶಿ ಮನಸ್ಸಿನಲ್ಲೇ ಬೇಡಿಕೊಂಡ. ಅಮ್ಮ ಎಷ್ಟೋ ವರ್ಷದಿಂದ ಮಗ್ಗ ನಿಲ್ಲಿಸಿಕೊಂಡು ಕಾಯುತ್ತಿದ್ದಾಳೆ, ಹೇಳಿಬಿಡಲಿ.

ಯಾರೂ ಹೇಳಲಿಲ್ಲ. ಭಾಗ್ಯಮ್ಮ ಹಿಡಿ ತಳ್ಳಿದಳು, ಮಗ್ಗ ಶುರುವಾಯಿತು. ಶಶಿಯೂ ತನ್ನವನ್ನು ಶುರುಮಾಡಿದ. ಶೆಡ್ಡು ಸದ್ದಿನಿಂದ ತುಂಬಿದ ಮೇಲೆ ಆಕೆ ತಲೆಯೆತ್ತಿ ಮಗನ ಕಡೆ ನೋಡಿದಳು. ತುಟಿ ಅಲುಗಿತು. ಶಶಿ ಓದಿಕೊಂಡ.

ತೆಗೀಬೇಡ, ಹಾಕು.